ಸಿಡಬ್ಲ್ಯೂಐಪಿಯಿಂದ ಸ್ಥಿರಾಸ್ತಿಗೆ: ಯಾವ ತಾರೀಖು ಹಿಡಿಯಬೇಕು?

ಆಸ್ತಿ ಬಳಕೆಗೆ ಸಿದ್ಧವಾಗುವವರೆಗೆ ಅದರ ಖರ್ಚೆಲ್ಲ ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್, ಅಂದರೆ ಸಿಡಬ್ಲ್ಯೂಐಪಿ ಖಾತೆಯಲ್ಲಿ ಕೂತಿರುತ್ತದೆ; ಸಿದ್ಧವಾದಾಗ ಅದನ್ನು ಸ್ಥಿರಾಸ್ತಿಗೆ ವರ್ಗಾಯಿಸಬೇಕು. ಆ ಎಂಟ್ರಿ ಒಂದೇ ಸಾಲಿನದು. ಪ್ಲಾಂಟ್ ಆ್ಯಂಡ್ ಮಷಿನರಿ ಖಾತೆ ಡೆಬಿಟ್, ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್ ಖಾತೆ ಕ್ರೆಡಿಟ್. ಅದರಲ್ಲಿ ಕಷ್ಟವೇನೂ ಇಲ್ಲ. ಕಷ್ಟ ಇರುವುದು ಅದನ್ನು ಯಾವ ತಾರೀಖಿಗೆ ಹಾಕಬೇಕು ಅನ್ನುವುದರಲ್ಲಿ.

ಪೀಣ್ಯದ ಒಂದು ಕಂಪನಿ ಪೌಡರ್ ಕೋಟಿಂಗ್ ಲೈನ್ ಹಾಕಿಸುತ್ತಿದೆ ಅಂದುಕೊಳ್ಳೋಣ. ಲೆಕ್ಕಕ್ಕೆ ಅನುಕೂಲ ಅಂತ ಅಂಕಿಗಳನ್ನು ನಾನೇ ಕಟ್ಟಿದ್ದೇನೆ. ಕೆಲಸ ವರ್ಷಕ್ಕಿಂತ ಜಾಸ್ತಿ ಹಿಡಿಯಿತು, ಹಾಗಾಗಿ ಸಾಲದ ಬಡ್ಡಿಯೂ ಸಿಡಬ್ಲ್ಯೂಐಪಿಗೆ ಹೋಗುತ್ತಿತ್ತು. ಮುಂದೆ ನಾಲ್ಕು ತಾರೀಖುಗಳು ಬರುತ್ತವೆ.

2024ರ ಸೆಪ್ಟೆಂಬರ್ 10ಕ್ಕೆ ಯಂತ್ರ ಜೋಡಿಸಿ ಮುಗಿಯಿತು. ಅಕ್ಟೋಬರ್ ಮಧ್ಯದಲ್ಲಿ ಬೆಸ್ಕಾಂ ಎಚ್‌ಟಿ ಸಂಪರ್ಕ ಬಂತು. ಟ್ರಯಲ್ ರನ್ ಮುಗಿದು, ಕೋಟಿಂಗ್ ದಪ್ಪ ಸರಿಯಾಗಿ ಬರುತ್ತಿದೆ ಅಂತ ಅಕ್ಟೋಬರ್ 31ಕ್ಕೆ ಸಹಿ ಬಿತ್ತು. ಪೂಜೆ, ಉದ್ಘಾಟನೆ, ಮೊದಲ ಆರ್ಡರ್ ಎಲ್ಲ ಸಂಕ್ರಾಂತಿ ಕಳೆದ ಮೇಲೆ, 2025ರ ಜನವರಿ 15ಕ್ಕೆ.

ಸೆಪ್ಟೆಂಬರ್ 10 ಯಾಕಲ್ಲ? ಯಂತ್ರ ತನ್ನ ಜಾಗದಲ್ಲಿ ಕೂತಿದೆ ನಿಜ, ಆದರೆ ಕರೆಂಟ್ ಇಲ್ಲದೆ ಅದು ಓಡುವುದಿಲ್ಲ. ಲೆಕ್ಕಪತ್ರ ಮಾನದಂಡ ಎಎಸ್ 10 ಜಾಗ ಮತ್ತು ಸ್ಥಿತಿ ಎರಡನ್ನೂ ಕೇಳುತ್ತದೆ: ಮ್ಯಾನೇಜ್‌ಮೆಂಟ್ ಅಂದುಕೊಂಡ ರೀತಿಯಲ್ಲಿ ಯಂತ್ರ ಕೆಲಸ ಮಾಡಲು ಶಕ್ತವಾಗಿರಬೇಕು.

ಜನವರಿ 15 ಯಾಕಲ್ಲ? ಇಲ್ಲೇ ಎಲ್ಲರೂ ಎಡವುವುದು. ಉದ್ಘಾಟನೆ ಆದ ದಿನ, ಮೊದಲ ಬಿಲ್ ಹಾಕಿದ ದಿನ ಅಂತ ಮನಸ್ಸು ಓಡುತ್ತದೆ. ಆದರೆ ಮಾನದಂಡ ಕೇಳುವುದು ‘ಬಳಕೆಗೆ ಸಿದ್ಧವೇ?’ ಅಂತ ಮಾತ್ರ, ‘ಬಳಸಿದಿರಾ?’ ಅಂತ ಅಲ್ಲ. ನವೆಂಬರ್ 1ರಿಂದ ಸ್ವಿಚ್ ಒತ್ತಿದರೆ ಮಾಲು ಬರುತ್ತಿತ್ತು. ಒಳ್ಳೆಯ ದಿನಕ್ಕೆ ಕಾದಿದ್ದು ಮಾಲೀಕರ ಇಷ್ಟ, ಅದರಿಂದ ಯಂತ್ರದ ಸ್ಥಿತಿಯಲ್ಲಿ ಏನೂ ಬದಲಾಗಲಿಲ್ಲ. ಹಾಗಾಗಿ ನವೆಂಬರ್ 1ರಿಂದಲೇ ಖರ್ಚು ಸೇರಿಸುವುದು ನಿಲ್ಲಬೇಕು, ಡಿಪ್ರಿಸಿಯೇಷನ್ ಶುರುವಾಗಬೇಕು. ಎರಡೂ ಒಟ್ಟಿಗೇ. ಯಂತ್ರ ಸುಮ್ನೆ ನಿಂತಿದ್ದರೂ ಡಿಪ್ರಿಸಿಯೇಷನ್ ನಿಲ್ಲುವುದಿಲ್ಲ.

ಈಗ ಮೊತ್ತ. ಯಂತ್ರ 90 ಲಕ್ಷ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತೆಗೆದುಕೊಂಡಿರುವುದರಿಂದ ಜಿಎಸ್‌ಟಿ ಇದರಲ್ಲಿ ಇಲ್ಲ. ಫೌಂಡೇಶನ್ ಮತ್ತು ಜೋಡಣೆ 10 ಲಕ್ಷ. ಅಕ್ಟೋಬರ್ 31ರವರೆಗಿನ ಬಡ್ಡಿ 6,30,000. ಟ್ರಯಲ್ ರನ್‌ಗೆ ಪೌಡರ್, ಗ್ಯಾಸ್, ಕೂಲಿ ಸೇರಿ 3,50,000 ಹೋಯಿತು. ಆಗ ಬಂದ ಮಾಲು ಮಾರಿ 1,80,000 ಸಿಕ್ಕಿತು. ಆ ದುಡ್ಡನ್ನು ಸೇಲ್ಸ್‌ಗೆ ಹಾಕಬಾರದು, ಟ್ರಯಲ್ ಖರ್ಚಿನಲ್ಲೇ ಕಳೆಯಬೇಕು. ಉಳಿದ 1,70,000 ಆಸ್ತಿಗೆ. ಒಟ್ಟು 1,08,00,000.

ಸಿಡಬ್ಲ್ಯೂಐಪಿ ಲೆಡ್ಜರ್ ತೆರೆದರೆ ಆಪರೇಟರ್ ತರಬೇತಿ, ಉದ್ಘಾಟನೆಯ ಶಾಮಿಯಾನ, ಊಟದ ಬಿಲ್ ಕೂಡ ಸಿಗುತ್ತವೆ. ಪ್ರಾಜೆಕ್ಟ್ ಕೋಡ್ ಹಾಕಿ ಬಂದ ಬಿಲ್ ಎಲ್ಲ ಅಲ್ಲಿ ಬೀಳುತ್ತದೆ ಅಲ್ವಾ! ಅವನ್ನು ಆರಿಸಿ ಲಾಭ-ನಷ್ಟ ಖಾತೆಗೆ ಕಳಿಸಿದ ಮೇಲೆಯೇ ಆಸ್ತಿಗೆ ವರ್ಗಾಯಿಸಬೇಕು.

ಕಂಪನಿ ಕಾಯ್ದೆಯ ಶೆಡ್ಯೂಲ್ 2ರ ಪ್ರಕಾರ ಆಯಸ್ಸು 15 ವರ್ಷ, ಉಳಿಕೆ ಮೌಲ್ಯ ಶೇ. 5 ಅಂತ ಹಿಡಿಯೋಣ. ಸ್ಟ್ರೈಟ್ ಲೈನ್‌ನಲ್ಲಿ ವರ್ಷಕ್ಕೆ 6,84,000. ನವೆಂಬರ್‌ನಿಂದ ಮಾರ್ಚ್, ಐದು ತಿಂಗಳಿಗೆ 2,85,000.

ಜನವರಿ 15 ಹಿಡಿದಿದ್ದರೆ? ಸಾಲ 80 ಲಕ್ಷ, ಬಡ್ಡಿ ಶೇ. 9, ಅಂದರೆ ತಿಂಗಳಿಗೆ 60,000. ಎರಡೂವರೆ ತಿಂಗಳ 1,50,000 ಬಡ್ಡಿ ಖರ್ಚಾಗುವ ಬದಲು ಆಸ್ತಿಯೊಳಗೆ ಸೇರಿಕೊಳ್ಳುತ್ತಿತ್ತು. ಡಿಪ್ರಿಸಿಯೇಷನ್ ಕೂಡ, ಆ ಬಡ್ಡಿ ಸೇರಿದ 1,09,50,000ರ ಮೇಲೆ ಎರಡೂವರೆ ತಿಂಗಳಿಗೆ ಮಾತ್ರ ಬಿದ್ದು, 1,44,479ಕ್ಕೆ ಇಳಿಯುತ್ತಿತ್ತು. ಎರಡೂ ಸೇರಿ ಲಾಭ ಸುಮಾರು 2.9 ಲಕ್ಷ ಜಾಸ್ತಿ ಕಾಣುತ್ತಿತ್ತು. ಆಡಿಟರ್ ಈ ತಾರೀಖನ್ನು ಅಷ್ಟು ಕೆದಕುವುದು ಇದಕ್ಕೇ. ಅವರು ಕೇಳುವುದು ಉದ್ಘಾಟನೆಯ ಫೋಟೋ ಅಲ್ಲ. ಟ್ರಯಲ್ ರನ್ ವರದಿ, ಸಪ್ಲೈಯರ್ ಎಂಜಿನಿಯರ್ ಮತ್ತು ಪ್ಲಾಂಟ್ ಹೆಡ್ ಇಬ್ಬರ ಸಹಿ ಇರುವ ಕಮಿಷನಿಂಗ್ ಸರ್ಟಿಫಿಕೇಟ್, ಕರೆಂಟ್ ಬಿಲ್. ಲೈನ್ ಇನ್ನೂ ಸಿಡಬ್ಲ್ಯೂಐಪಿಯಲ್ಲಿದ್ದು ಮೀಟರ್ ತಿಂಗಳುಗಟ್ಟಲೆ ಜೋರಾಗಿ ಓಡಿದ್ದರೆ ಅಲ್ಲೇ ಗುಟ್ಟು ರಟ್ಟು.

ಆದಾಯ ತೆರಿಗೆಯನ್ನು ಇದರ ಜೊತೆ ಬೆರೆಸಬೇಡಿ. ಅಲ್ಲಿ ನಿಜವಾಗಿ ಬಳಕೆಗೆ ಹಾಕಿದ ದಿನ ಮುಖ್ಯ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಡಿಪ್ರಿಸಿಯೇಷನ್ ಮಾತ್ರ. ನಮ್ಮ ಲೈನ್‌ಗೆ ಹೇಗೂ ಅರ್ಧವೇ.

ಕೊನೆಗೆ ತಡವಾಗಿ ಬರುವ ಬಿಲ್. ಅಕ್ಟೋಬರ್‌ನಲ್ಲಿ ಮಾಡಿದ ಜೋಡಣೆ ಕೆಲಸಕ್ಕೆ ಡಿಸೆಂಬರ್‌ನಲ್ಲಿ 40,000 ಬಿಲ್ ಬಂದರೆ ಅದು ಡಿಸೆಂಬರ್ ಖರ್ಚೂ ಅಲ್ಲ, ಹೊಸ ಸಿಡಬ್ಲ್ಯೂಐಪಿಯೂ ಅಲ್ಲ. ಕೆಲಸ ಮುಗಿದಿದ್ದರಿಂದ ಅಕ್ಟೋಬರ್ 31ಕ್ಕೇ ಪ್ರಾವಿಷನ್ ಮಾಡಿ ಆಸ್ತಿಗೆ ಸೇರಿಸಿರಬೇಕು. ಬಿಟ್ಟುಹೋಗಿದ್ದರೆ ಈಗ ಅದೇ ಆಸ್ತಿಗೆ ಸೇರಿಸಿ, ಡಿಪ್ರಿಸಿಯೇಷನ್ ನವೆಂಬರ್ 1ರಿಂದಲೇ ಹಾಕಿ.