ದಪ್ಪ ಅಕ್ಷರದಲ್ಲಿರೋದನ್ನ ಮಾತ್ರ ಬರೆದುಕೊಂಡರೆ ಸಾಕಾ? ಹಳೆಯ ರಕ್ತಪರೀಕ್ಷೆಗಳನ್ನು ಒಂದೇ ಪಟ್ಟಿಗೆ ತರುವ ಬಗೆ

ಪ್ರಶ್ನೆ: ಅಪ್ಪನ ನಾಲ್ಕು ವರ್ಷದ ರಕ್ತಪರೀಕ್ಷೆ ರಿಪೋರ್ಟ್‌ಗಳು ಮನೆಯಲ್ಲಿವೆ. ಮೂರು ಬೇರೆ ಬೇರೆ ಲ್ಯಾಬ್‌ನವು. ಡಾಕ್ಟರು ಎಲ್ಲವನ್ನೂ ಒಂದೇ ಹಾಳೆಗೆ ಬರೆದು ತನ್ನಿ ಅಂದಿದ್ದಾರೆ. ಹೇಗೆ ಬರೆಯೋದು ಮೇಡಂ? ದಪ್ಪ ಅಕ್ಷರದಲ್ಲಿ ಬಂದಿರೋದನ್ನ ಮಾತ್ರ ಬರೆದರೆ ಸಾಕಲ್ವಾ?

ಉತ್ತರ: ಸಾಕಾಗಲ್ಲ. ಲ್ಯಾಬ್ ಕೌಂಟರ್‌ನಲ್ಲಿ ನಿಂತು ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಕಾರಣದ ಸಮೇತ ಪೂರ್ತಿ ಬರೆದುಬಿಡುತ್ತೇನೆ. ರಿಪೋರ್ಟ್‌ನಲ್ಲಿ ಕೊಟ್ಟ ಮಿತಿಯಿಂದ ಹೊರಗೆ ಹೋದ ಸಂಖ್ಯೆಯನ್ನು ಲ್ಯಾಬ್ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತದೆ. ಪಟ್ಟಿ ಮಾಡುವ ಕೆಲಸ ಒಂದು ಗಂಟೆಯದ್ದು. ಆದರೆ ‘ದಪ್ಪ ಅಕ್ಷರ ಇಲ್ಲ ಅಂದ್ರೆ ಎಲ್ಲಾ ಸರಿ ಇದೆ’ ಎನ್ನುವ ನಂಬಿಕೆ ಹೋಗದಿದ್ದರೆ ಆ ಪಟ್ಟಿಯಿಂದ ಏನೂ ಉಪಯೋಗವಿಲ್ಲ.

ನನ್ನ ಸೋದರಮಾವನ ವಿಷಯವನ್ನೇ ಹೇಳುತ್ತೇನೆ. ಅವರ ರಿಪೋರ್ಟ್‌ಗಳೆಲ್ಲ ಬೀರುವಿನಲ್ಲಿ ಒಂದು ಬಟ್ಟೆ ಅಂಗಡಿಯ ಕವರ್‌ನಲ್ಲಿದ್ದವು. ‘ಎಲ್ಲಾ ನಾರ್ಮಲ್ ಬಂದಿದೆ ಕಣಮ್ಮ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ’ ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕುವ ಕಸ. ಐದು ರಿಪೋರ್ಟ್‌ಗಳಲ್ಲಿ ಎಲ್ಲೂ ಅದರ ಪಕ್ಕ, ಜಾಸ್ತಿ ಇದೆ ಎಂದು ತೋರಿಸುವ `H` ಬಂದಿರಲಿಲ್ಲ. ನಾನು ದಿನಾಂಕದ ಪ್ರಕಾರ ಜೋಡಿಸಿ ಬರೆದಾಗ ಕಂಡದ್ದು ಇದು:

| ರಕ್ತ ಕೊಟ್ಟ ದಿನ | ಲ್ಯಾಬ್ | ಕ್ರಿಯಾಟಿನಿನ್ (`mg/dL`) | ಆ ರಿಪೋರ್ಟಿನ ಮಿತಿ |
|---|---|---|---|
| 2021-02-14 | ಒಂದನೆಯದು | 0.8 | 0.7–1.3 |
| 2022-03-06 | ಎರಡನೆಯದು | 0.9 | 0.6–1.3 |
| 2023-01-22 | ಮೂರನೆಯದು | 1.1 | 0.7–1.3 |
| 2023-11-05 | ಮೂರನೆಯದು | 1.2 | 0.7–1.3 |
| 2024-06-16 | ಮೂರನೆಯದು | 1.3 | 0.7–1.3 |

ಪ್ರತಿಯೊಂದೂ ಮಿತಿಯ ಒಳಗೇ ಇದೆ. ಬಿಡಿಬಿಡಿಯಾಗಿ ನೋಡಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಟ್ಟಿಗೆ ನೋಡಿ, ಒಂದು ಸಲವೂ ಇಳಿದಿಲ್ಲ. ಕ್ರಿಯಾಟಿನಿನ್ ಮತ್ತು ವಯಸ್ಸು ಸೇರಿಸಿ ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಅಂದಾಜು ಮಾಡುವ ಲೆಕ್ಕವಿದೆ, ರಿಪೋರ್ಟ್‌ನಲ್ಲಿ ಅದನ್ನು `eGFR` ಅಂತ ಬರೆದಿರುತ್ತಾರೆ. 2021ರಲ್ಲಿ ಮಾವನಿಗೆ 55 ವರ್ಷ, ಆಗ ಅದು ಸುಮಾರು 104. 2024ರಲ್ಲಿ 58 ವರ್ಷ, ಸುಮಾರು 64. ದಪ್ಪ ಅಕ್ಷರ ಒಂದೂ ಬರದೆ ಇಷ್ಟು ಇಳಿದಿದೆ.

ಇದು ಹೇಗೆ ಸಾಧ್ಯ? ಆ ಮಿತಿ ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ಅರ್ಥವಾಗುತ್ತದೆ. ಆರೋಗ್ಯವಾಗಿರುವ ತುಂಬಾ ಜನರ ರಕ್ತ ಪರೀಕ್ಷಿಸಿ, ಬಂದ ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುತ್ತಾರೆ. ಕೆಳಗಿನ ನೂರಕ್ಕೆ ಎರಡೂವರೆ, ಮೇಲಿನ ನೂರಕ್ಕೆ ಎರಡೂವರೆ ಬಿಟ್ಟು, ನಡುವೆ ಉಳಿದದ್ದನ್ನು ಮಿತಿ ಎನ್ನುತ್ತಾರೆ. ಅದು ಊರಿನವರೆಲ್ಲರ ಅಳತೆ. ದಪ್ಪಗಿರುವವರು, ಸಣ್ಣಗಿರುವವರು, ಗದ್ದೆ ಕೆಲಸ ಮಾಡುವವರು, ಕೂತು ಕೆಲಸ ಮಾಡುವವರು ಎಲ್ಲರೂ ಅದರೊಳಗೆ ಹಿಡಿಸಬೇಕು, ಹಾಗಾಗಿ ಅದು ಅಗಲ. ಒಬ್ಬ ಮನುಷ್ಯನ ಸ್ವಂತ ಏರಿಳಿತ ಅದಕ್ಕಿಂತ ತುಂಬಾ ಕಿರಿದು. ಆರೋಗ್ಯವಂತನ ಕ್ರಿಯಾಟಿನಿನ್ ವರ್ಷಗಟ್ಟಲೆ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ನಿಂತಿರುತ್ತದೆ. 0.8 ಇದ್ದವರಿಗೆ 1.3 ಅಂದರೆ ಅವರ ಮಟ್ಟಿಗೆ ಅದು ಜಾಸ್ತಿಯೇ, ಊರಿನ ಅಳತೆಗೆ ಸರಿಹೋದರೂ.

ಇದರ ಇನ್ನೊಂದು ಮುಖವೂ ಇದೆ. ನೂರಕ್ಕೆ ಐದು ಆರೋಗ್ಯವಂತರನ್ನು ಲೆಕ್ಕದಲ್ಲೇ ಹೊರಗೆ ಬಿಟ್ಟಿದ್ದೇವೆ ಅಲ್ವಾ? ಒಂದು ಪ್ಯಾಕೇಜ್‌ನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಇದ್ದರೆ, ಏನೂ ಕಾಯಿಲೆ ಇಲ್ಲದವರಿಗೂ ಎಲ್ಲೋ ಒಂದು ಕಡೆ ದಪ್ಪ ಅಕ್ಷರ ಬರುವ ಸಾಧ್ಯತೆ ನೂರಕ್ಕೆ 64. ಅದನ್ನು ನೋಡಿ ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಳಿಗ್ಗೆ ಲ್ಯಾಬ್ ಬಾಗಿಲಿಗೆ ಬಂದವರನ್ನು ಎಷ್ಟೋ ಸಲ ಕೂರಿಸಿ ನೀರು ಕೊಟ್ಟಿದ್ದೇನೆ. ದಪ್ಪ ಅಕ್ಷರ ಅಂದರೆ ಕಂಪ್ಯೂಟರ್ ಎರಡು ಸಂಖ್ಯೆಗಳನ್ನು ಹೋಲಿಸಿದೆ, ಅಷ್ಟೇ. ಅದಕ್ಕೆ ನಿಮ್ಮ ಅಪ್ಪನ ಹಳೆಯ ರಿಪೋರ್ಟ್ ಗೊತ್ತಿಲ್ಲ. (ಸಕ್ಕರೆ ಮತ್ತು ಕೊಲೆಸ್ಟ್ರಾಲ್‌ನ ಮಿತಿಗಳು ಮಾತ್ರ ಬೇರೆ ರೀತಿಯವು. ಕಾಯಿಲೆಯ ಅಪಾಯ ಎಲ್ಲಿಂದ ಹೆಚ್ಚುತ್ತದೆ ಎಂದು ನೋಡಿ ಗೆರೆ ಎಳೆದಿರುತ್ತಾರೆ.)

ಹಾಗಾದರೆ ಪ್ರತಿ ಸಣ್ಣ ವ್ಯತ್ಯಾಸಕ್ಕೂ ಹೆದರಬೇಕಾ? ಬೇಡ. ಅದೇ ರಕ್ತವನ್ನು ಅದೇ ಮೆಷಿನ್‌ಗೆ ಎರಡು ಸಲ ಹಾಕಿದರೂ ಸ್ವಲ್ಪ ಆಚೀಚೆ ಬರುತ್ತದೆ. ಕ್ರಿಯಾಟಿನಿನ್‌ಗೆ ಒಂದೇ ಲ್ಯಾಬ್‌ನಲ್ಲಿ ನೂರಕ್ಕೆ 15ರಿಂದ 20ರಷ್ಟು ಬದಲಾದರೆ ಅದು ನಿಜವಾದ ಬದಲಾವಣೆ ಇರಬಹುದು ಅಂತ ಯೋಚಿಸುತ್ತೇವೆ. ಲ್ಯಾಬ್ ಬೇರೆಯಾದರೆ ಕ್ರಿಯಾಟಿನಿನ್ ಅಳೆಯುವ ವಿಧಾನವೇ ಬೇರೆ ಇರಬಹುದು, ಅದರಿಂದಲೂ ಒಂದಿಷ್ಟು ಏರಿದಂತೆ ಕಾಣುತ್ತದೆ. ಮಾವನ ಪಟ್ಟಿಯಲ್ಲಿ ಮೊದಲ ಎರಡು ಸಾಲಿನ ಬಗ್ಗೆ ನನಗೆ ಈ ಅನುಮಾನ ಇತ್ತು. ಆದರೆ ಕೊನೆಯ ಮೂರೂ ಒಂದೇ ಲ್ಯಾಬ್‌ನವು. ಅಲ್ಲೇ 1.1ರಿಂದ 1.3ಕ್ಕೆ ಹೋಗಿದೆ, ಅಂದರೆ ನೂರಕ್ಕೆ 18. ಲ್ಯಾಬ್ ಹೆಸರಿನ ಕಾಲಂ ಇಟ್ಟುಕೊಳ್ಳದಿದ್ದರೆ ಈ ಮಾತನ್ನು ಧೈರ್ಯವಾಗಿ ಹೇಳಲು ಆಗುತ್ತಿರಲಿಲ್ಲ.

ಇನ್ನು ಕೆಲಸಕ್ಕೆ ಬರೋಣ.

ಮೊಬೈಲ್ ಅಥವಾ ಕಂಪ್ಯೂಟರ್‌ನ ಶೀಟ್‌ನಲ್ಲಿ ಏಳು ಕಾಲಂ ಮಾಡಿ: ದಿನಾಂಕ, ಲ್ಯಾಬ್, ಪರೀಕ್ಷೆ, ಫಲಿತಾಂಶ, ಅಳತೆ, ಮಿತಿ, ಟಿಪ್ಪಣಿ. ಒಂದು ಫಲಿತಾಂಶಕ್ಕೆ ಒಂದು ಸಾಲು. ಮೊದಲೇ ಅಡ್ಡಡ್ಡ ದಿನಾಂಕ, ಉದ್ದುದ್ದ ಪರೀಕ್ಷೆ ಅಂತ ಚೌಕಾಕಾರದ ಪಟ್ಟಿ ಮಾಡಲು ಹೋಗಬೇಡಿ. ಲ್ಯಾಬ್, ಅಳತೆ, ಮಿತಿ ಬರೆಯಲು ಅದರಲ್ಲಿ ಜಾಗವೇ ಇರುವುದಿಲ್ಲ. ಸಾಲುಗಳೆಲ್ಲ ತುಂಬಿದ ಮೇಲೆ ಚೌಕದ ಪಟ್ಟಿಯನ್ನು ಶೀಟೇ ಮಾಡಿಕೊಡುತ್ತದೆ. ಮೊದಲ ಹಾಳೆಗೆ `Data` ಅಂತ ಹೆಸರಿಟ್ಟು, ಗೂಗಲ್ ಶೀಟ್ಸ್‌ನ ಇನ್ನೊಂದು ಹಾಳೆಯಲ್ಲಿ ಇದನ್ನು ಹಾಕಿ:

```
=QUERY(Data!A:G,"select A, max(D) where D is not null group by A pivot C",1)
```

ಒಂದೊಂದು ದಿನಾಂಕಕ್ಕೆ ಒಂದು ಸಾಲು, ಒಂದೊಂದು ಪರೀಕ್ಷೆಗೆ ಒಂದು ಕಾಲಂ ಬರುತ್ತದೆ. ಪರೀಕ್ಷೆಯ ಹೆಸರು ಮಾತ್ರ ಎಲ್ಲ ಕಡೆ ಒಂದೇ ಥರ ಇರಬೇಕು. ಒಂದು ರಿಪೋರ್ಟ್‌ನಲ್ಲಿ `Creatinine, Serum` ಅಂತಲೂ ಇನ್ನೊಂದರಲ್ಲಿ `S. Creatinine` ಅಂತಲೂ ಇರುತ್ತದೆ. ಹಾಗೇ ಬರೆದರೆ ಎರಡು ಬೇರೆ ಕಾಲಂ ಆಗಿಬಿಡುತ್ತವೆ.

ದಿನಾಂಕದಲ್ಲೇ ಜಾಸ್ತಿ ಜನ ತಪ್ಪು ಮಾಡುವುದು. ರಿಪೋರ್ಟ್‌ನಲ್ಲಿ ಎರಡು ಮೂರು ದಿನಾಂಕ ಇರುತ್ತವೆ. ನಿಮಗೆ ಬೇಕಾದ್ದು ರಕ್ತ ಕೊಟ್ಟ ದಿನ, ಅಂದರೆ `Collected` ಎದುರಿಗಿರುವುದು. `Reported` ಅಲ್ಲ. ಬರೆಯುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ `2023-11-05` ಅಂತ ಬರೆಯಿರಿ. `05/11/2023` ಅಂತ ಬರೆದರೆ ಅಮೆರಿಕದ ಪದ್ಧತಿಯಲ್ಲಿರುವ ಶೀಟ್ ಅದನ್ನು ಮೇ 11 ಎಂದು ಓದುತ್ತದೆ. ಆಗ ನವೆಂಬರ್‌ನ ಫಲಿತಾಂಶ ಆರು ತಿಂಗಳು ಹಿಂದಕ್ಕೆ ಹೋಗಿ ಕೂರುತ್ತದೆ. `22/01/2023` ಥರದ್ದನ್ನು ದಿನಾಂಕ ಅಂತಲೇ ತಿಳಿಯುವುದಿಲ್ಲ. ಪತ್ತೆ ಮಾಡುವುದು ಸುಲಭ: ಶೀಟ್ ದಿನಾಂಕ ಎಂದು ಒಪ್ಪಿಕೊಂಡದ್ದು ಚೌಕದ ಬಲಕ್ಕೆ ಅಂಟಿರುತ್ತದೆ, ಒಪ್ಪದೇ ಇದ್ದದ್ದು ಎಡಕ್ಕೆ.

ಆಮೇಲೆ ಅಳತೆ. ನಮ್ಮ ಕಡೆ ಪ್ಲೇಟ್‌ಲೆಟ್ ನೋಡಿ. ಒಂದು ಲ್ಯಾಬ್ 2.45 ಅಂತ ಕೊಡುತ್ತದೆ, ಅದು ಲಕ್ಷದ ಲೆಕ್ಕ. ಇನ್ನೊಂದು 245 ಅಂತ ಕೊಡುತ್ತದೆ, ಅದು ಸಾವಿರದ ಲೆಕ್ಕ. ಮತ್ತೊಂದು 2,45,000 ಅಂತ ಪೂರ್ತಿ ಬರೆಯುತ್ತದೆ. ಮೂರೂ ಒಂದೇ. ಡೆಂಗ್ಯೂ ಸಮಯದಲ್ಲಿ ಇದನ್ನು ಹಾಗೇ ಗ್ರಾಫ್ ಮಾಡಿ, ಪ್ಲೇಟ್‌ಲೆಟ್ ಕುಸಿದುಹೋಯಿತು ಅಂತ ಗಾಬರಿಯಿಂದ ಫೋನ್ ಮಾಡಿದವರಿದ್ದಾರೆ. ಮಕ್ಕಳ ಮನೆಗೆ ಇಂಗ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹೋಗಿ ಅಲ್ಲಿ ಪರೀಕ್ಷೆ ಮಾಡಿಸಿಕೊಂಡವರ ರಿಪೋರ್ಟ್ ಇನ್ನೂ ಬೇರೆ. ಅಲ್ಲಿ ಕ್ರಿಯಾಟಿನಿನ್ 97 ಅಂತ ಇದ್ದರೆ ಬೆಚ್ಚಬೇಡಿ. 88.4ರಿಂದ ಭಾಗಿಸಿ, ನಮ್ಮ ಅಳತೆಯಲ್ಲಿ ಅದು 1.1. ಅಲ್ಲಿನ ಸಕ್ಕರೆಯ ಸಂಖ್ಯೆಯನ್ನು 18ರಿಂದ ಗುಣಿಸಿ. ಹೀಗೆ ಬದಲಾಯಿಸಿದ ಸಂಖ್ಯೆಯನ್ನು ಫಲಿತಾಂಶದ ಕಾಲಂನಲ್ಲಿ ಬರೆದು, ರಿಪೋರ್ಟ್‌ನಲ್ಲಿ ಇದ್ದದ್ದನ್ನು ಟಿಪ್ಪಣಿಯಲ್ಲಿ ಹಾಗೇ ಇಟ್ಟುಕೊಳ್ಳಿ. ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಊಟದ ನಂತರದ್ದು ಎರಡು ಬೇರೆ ಪರೀಕ್ಷೆ, ಒಂದೇ ಹೆಸರಿನಲ್ಲಿ ಸೇರಿಸಬೇಡಿ.

ಟಿಪ್ಪಣಿಯ ಕಾಲಂ ಬಗ್ಗೆ ಹೇಳಲೇಬೇಕು. ಜ್ವರ ಇತ್ತು, ಹೊಸ ಮಾತ್ರೆ ಶುರುವಾಯಿತು, ಹಿಂದಿನ ದಿನ ಉಪವಾಸ ಇತ್ತು, ಇಂಥದ್ದನ್ನೆಲ್ಲ ಬರೆಯಿರಿ. ಮಾವನ ಪಟ್ಟಿಯನ್ನು ಅವರ ಮುಂದಿಟ್ಟು ‘2022ರ ಆಮೇಲೆ ಏನಾದ್ರೂ ಹೊಸ ಮಾತ್ರೆ ತಗೊಂಡ್ರಾ ಮಾವ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ತರ್ತೀನಲ್ಲ, ಅದು ಬಿಟ್ಟರೆ ಇನ್ನೇನಿಲ್ಲ’ ಅಂದರು. ಡೈಕ್ಲೋಫೆನಾಕ್, ದಿನಕ್ಕೆ ಎರಡು, ಎರಡು ವರ್ಷದಿಂದ. ಇಂಥ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ, ಬಿಪಿ ಇರುವವರಲ್ಲಿ ಅಪಾಯ ಇನ್ನೂ ಹೆಚ್ಚು. ಮಾವನಿಗೆ ಬಿಪಿ ಇತ್ತು. ಡಾಕ್ಟರು ಪಟ್ಟಿ ನೋಡಿದ ತಕ್ಷಣ ಆ ಮಾತ್ರೆ ನಿಲ್ಲಿಸಿದರು, ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ ಬರೆದರು. ಮೂರು ತಿಂಗಳ ನಂತರ ಅದೇ ಲ್ಯಾಬ್‌ನಲ್ಲಿ ಕ್ರಿಯಾಟಿನಿನ್ 1.1. ಪೂರ್ತಿ ಹಿಂದಕ್ಕೆ ಬಂದಿಲ್ಲ, ಆದರೆ ಏರುವುದು ನಿಂತಿದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಪಟ್ಟಿ ಮಾಡಲು ಶುರು ಮಾಡಿದವರು ಉತ್ಸಾಹದಲ್ಲಿ ತಿಂಗಳಿಗೊಮ್ಮೆ ರಕ್ತ ಕೊಡಲು ಬರುತ್ತಾರೆ. ಸಾಲು ಹೆಚ್ಚಾದರೆ ಗ್ರಾಫ್ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಕೆಲವು ಪರೀಕ್ಷೆಗಳಲ್ಲಿ ಹೊಸದೇನೂ ತಿಳಿಯುವುದಿಲ್ಲ. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ. ಏಕೆಂದರೆ ಸಕ್ಕರೆ ಅಂಟಿಕೊಳ್ಳುವುದು ಕೆಂಪು ರಕ್ತಕಣಕ್ಕೆ, ಅದರ ಆಯುಸ್ಸು ಸುಮಾರು 120 ದಿನ. ತಿಂಗಳು ತಿಂಗಳು ಮಾಡಿಸಿದರೆ ಹಳೆಯ ತಿಂಗಳುಗಳೇ ಮತ್ತೆ ಲೆಕ್ಕಕ್ಕೆ ಬರುತ್ತವೆ. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಾದ ಮೇಲೂ ಟಿಎಸ್‌ಎಚ್ ಒಂದು ಮಟ್ಟಕ್ಕೆ ಬಂದು ನಿಲ್ಲಲು ಆರು ವಾರವಾದರೂ ಬೇಕು. ಹತ್ತು ದಿನಕ್ಕೆ ಮಾಡಿಸಿ ‘ಇನ್ನೂ ಇಳಿದಿಲ್ಲ’ ಅಂತ ಬೇಸರ ಮಾಡಿಕೊಳ್ಳುವವರು ವಾರಕ್ಕೆ ಒಬ್ಬರಾದರೂ ಸಿಗುತ್ತಾರೆ.

ಎಚ್‌ಬಿಎ1ಸಿ ಪಕ್ಕದಲ್ಲೇ ಹಿಮೋಗ್ಲೋಬಿನ್ ಕಾಲಂ ಇಡಿ. ಕಬ್ಬಿಣಾಂಶ ಕಡಿಮೆಯಾದಾಗ ಸಕ್ಕರೆ ಹೆಚ್ಚದಿದ್ದರೂ ಎಚ್‌ಬಿಎ1ಸಿ ಏರಿದಂತೆ ಕಾಣಬಹುದು, ಕಬ್ಬಿಣದ ಮಾತ್ರೆ ತೆಗೆದುಕೊಂಡ ಮೇಲೆ ಇಳಿಯಬಹುದು. ಎರಡೂ ಅಕ್ಕಪಕ್ಕ ಇದ್ದರೆ ಡಾಕ್ಟರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಅಪ್ಪನ ಪಟ್ಟಿ ಮುಗಿದ ಮೇಲೆ ಒಂದೇ ಪುಟಕ್ಕೆ ಪ್ರಿಂಟ್ ತೆಗೆದು, ಹಳೆಯ ರಿಪೋರ್ಟ್‌ಗಳನ್ನೂ ಜೊತೆಗೇ ತೆಗೆದುಕೊಂಡು ಹೋಗಿ. ಒಂದು ಸಂಖ್ಯೆ ವಿಚಿತ್ರ ಅನಿಸಿದರೆ ಡಾಕ್ಟರು ಮೊದಲು ಕೇಳುವುದು ಮೂಲ ರಿಪೋರ್ಟನ್ನೇ.