ಶಿಪ್ ಮತ್ತು ಶೀಪ್: ಬರೀ ಎಳೆದರೆ ಸಾಲದು

ಒಂದೇ ಒಂದು ಧ್ವನಿ ಬದಲಾದರೆ ಅರ್ಥವೇ ಬದಲಾಗುವ ಎರಡು ಪದಗಳಿಗೆ ಮಿನಿಮಲ್ ಪೇರ್ ಅಂತಾರೆ. ಇಂಗ್ಲಿಷ್ ಕಲಿಸುವವರು ಹೆಚ್ಚಾಗಿ ಬಳಸುವ ಜೋಡಿ ಶಿಪ್–ಶೀಪ್. ಕನ್ನಡಿಗರಿಗೆ ಇದು ಸಲೀಸು ಅನ್ನಿಸುತ್ತದೆ. 'ಬಿಡಿ' ಅನ್ನುವುದನ್ನು ಸ್ವಲ್ಪ ಎಳೆದರೆ 'ಬೀಡಿ' ಆಗುತ್ತದೆ, ಅಲ್ವಾ? ಅದೇ ಲೆಕ್ಕ ಇಲ್ಲೂ ಹಾಕುತ್ತೇವೆ, ಎಡವುವುದೂ ಅಲ್ಲೇ.

ಇಂಗ್ಲಿಷಿನಲ್ಲಿ ಈ ಎರಡು ಸ್ವರಗಳಿಗೆ ನಾಲಿಗೆ ನಿಲ್ಲುವ ಜಾಗವೇ ಬೇರೆ. ಶೀಪ್ ಅನ್ನುವಾಗ ನಾಲಿಗೆ ಮೇಲಕ್ಕೂ ಮುಂದಕ್ಕೂ ಹೋಗುತ್ತದೆ. ಶಿಪ್ ಅನ್ನುವಾಗ ತುಸು ಕೆಳಗಿಳಿದು ಒಳಕ್ಕೆ ಸರಿಯುತ್ತದೆ, ನಮ್ಮ 'ಎ' ಕಡೆಗೆ ವಾಲಿದ 'ಇ' ಥರ. 1952ರಲ್ಲಿ ಪೀಟರ್ಸನ್ ಮತ್ತು ಬಾರ್ನಿ ಎಂಬ ಸಂಶೋಧಕರು ಅಮೆರಿಕದಲ್ಲಿ ಇದನ್ನು ಅಳೆದು ಪ್ರಕಟಿಸಿದ್ದರು. ಬಾಯಿಯ ಆಕಾರಕ್ಕೆ ತಕ್ಕಂತೆ ದನಿಯ ಕೆಲವು ಕಂಪನಗಳು ಜೋರಾಗಿ ಮೊಳಗುತ್ತವೆ, ಅವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದೇ ಮೊದಲ ಅನುರಣನ. ಗಂಡಸರ ದನಿಯಲ್ಲಿ ಅದು ಶೀಪ್‌ನ ಸ್ವರಕ್ಕೆ ಸರಾಸರಿ 270 ಹರ್ಟ್ಸ್, ಶಿಪ್‌ನ ಸ್ವರಕ್ಕೆ 390. ನಾಲಿಗೆ ಇಳಿದಷ್ಟೂ ಈ ಸಂಖ್ಯೆ ಏರುತ್ತದೆ.

ಉದ್ದವನ್ನೇ ನಂಬಿದರೆ ಏನಾಗುತ್ತದೆ ಅಂತ ಬಿಟ್, ಬೀಟ್, ಬಿಡ್, ಬೀಡ್ ಈ ನಾಲ್ಕು ಪದಗಳಲ್ಲಿ ನೋಡಿ. ಇಂಗ್ಲಿಷಿನಲ್ಲಿ 'ಟ್', 'ಪ್' ಮುಂದೆ ಬಂದರೆ ಸ್ವರ ಮೊಟಕಾಗುತ್ತದೆ, 'ಡ್', 'ಬ್' ಬಂದರೆ ಹಿಗ್ಗುತ್ತದೆ. ಹಾಗಾಗಿ ಬಿಡ್‌ನ 'ಗಿಡ್ಡ' ಸ್ವರವೂ ಬೀಟ್‌ನ 'ಉದ್ದ' ಸ್ವರವೂ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯಬಹುದು. ಎಷ್ಟು ಹೊತ್ತು ಎಳೆದರು ಅಂತ ಮಾತ್ರ ಕೇಳುವ ಕಿವಿ ಇಲ್ಲಿ ಸೋಲುತ್ತದೆ.

ಆದ್ದರಿಂದ ಅಭ್ಯಾಸ ಕೇಳುವುದರಿಂದ ಶುರುವಾಗಲಿ. ಒಬ್ಬರು ಹೇಳಬೇಕು, ಇನ್ನೊಬ್ಬರು ಶಿಪ್ ಆದರೆ ಒಂದು ಬೆರಳು, ಶೀಪ್ ಆದರೆ ಎರಡು ಬೆರಳು ತೋರಿಸಬೇಕು. ಕ್ರಮ ಕಲಸಿರಲಿ. ಯಾವಾಗಲೂ ಶಿಪ್ ಮೊದಲು, ಶೀಪ್ ಆಮೇಲೆ ಅಂತ ಓದಿದರೆ, ಅದೂ ಮೊದಲನೆಯದಕ್ಕೆ ದನಿ ಏರಿಸಿ ಎರಡನೆಯದಕ್ಕೆ ಇಳಿಸಿದರೆ, ಕೇಳುವವರು ಸ್ವರ ಕೇಳದೆ ಸುಮ್ನೆ ಆ ರಾಗ ಹಿಡಿದು ಉತ್ತರ ಹೇಳಿಬಿಡುತ್ತಾರೆ. ಇಪ್ಪತ್ತು ಸಲದಲ್ಲಿ ಹತ್ತು ಸರಿ ಬಂದರೆ ಅದು ಬರೀ ಊಹೆ. ಹದಿನೈದೋ ಅದಕ್ಕಿಂತ ಜಾಸ್ತಿಯೋ ಬಂದರೆ ಕಿವಿಗೆ ನಿಜಕ್ಕೂ ಏನೋ ಸಿಗುತ್ತಿದೆ ಅನ್ನಬಹುದು. ಊಹೆಯಿಂದ ಅಷ್ಟು ಬರುವ ಸಾಧ್ಯತೆ ನೂರಕ್ಕೆ ಎರಡರಷ್ಟು ಮಾತ್ರ.

ನನಗೆ ತುಂಬಾ ಮುಖ್ಯ ಅನ್ನಿಸುವ ಪರೀಕ್ಷೆ ಇನ್ನೊಂದಿದೆ. ನಾಲಿಗೆ ಅಲುಗಿಸದೆ ಶಿಪ್ ಪದವನ್ನು ಬೇಕಂತಲೇ ಎಳೆದು ಹೇಳಿ, ಶೀಪ್ ಪದವನ್ನು ಚುಟುಕಾಗಿ ಮುಗಿಸಿ. ಆಗಲೂ ಬೆರಳು ಸರಿಯಾಗಿ ಎದ್ದರೆ ಕಿವಿ ಸ್ವರದ ಗುಣ ಹಿಡಿದಿದೆ ಅಂತ ಅರ್ಥ. ಕಲಿಸುವವರು ಶೀಪ್ ಅನ್ನು ಮಾರುದ್ದ ಎಳೆದು ತೋರಿಸುವುದು ನನಗೆ ಇಷ್ಟವಿಲ್ಲದಿರುವುದು ಇದಕ್ಕೇ. ಅದು ಉದ್ದದ ಮೇಲಿನ ನಂಬಿಕೆಯನ್ನೇ ಗಟ್ಟಿ ಮಾಡುತ್ತದೆ.

ಒಬ್ಬರದೇ ದನಿಯಲ್ಲಿ ಕಲಿತದ್ದು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಕೈಕೊಡಬಹುದು. ಗಂಡಸರು, ಹೆಂಗಸರು, ಬೇರೆ ಬೇರೆ ಊರಿನವರ ದನಿಗಳನ್ನು ಬೆರೆಸಿ ಕೇಳಿ. ಆಮೇಲೆ ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ, ಕ್ರಮ ಹೇಳದೆ ಇಂಗ್ಲಿಷ್ ಚೆನ್ನಾಗಿ ಬಲ್ಲ ಗೆಳೆಯರಿಗೆ ಕೊಟ್ಟು, ಕೇಳಿಸಿದ್ದನ್ನು ಬರೆಯಲು ಹೇಳಿ. ನೀವು ಹೇಳಿದ ಶಿಪ್ ಅವರ ಹಾಳೆಯಲ್ಲಿ ಶೀಪ್ ಆಗಿದ್ದರೆ, ಪದವನ್ನು ಇನ್ನೂ ಗಿಡ್ಡ ಮಾಡಲು ಹೋಗಬೇಡಿ, ನಾಲಿಗೆಯನ್ನು ಒಂದಿಷ್ಟು ಕೆಳಗಿಳಿಸಿ.