ಡೆಫರ್ಡ್ ಟ್ಯಾಕ್ಸ್: ಏಳನೇ ವರ್ಷದಲ್ಲಿ ಅಸೆಟ್ ಹುಟ್ಟುವುದಿಲ್ಲ

"ಈ ವರ್ಷ ಪುಸ್ತಕದ ಸವಕಳಿ ಹೆಚ್ಚು, ತೆರಿಗೆಯ ಸವಕಳಿ ಕಡಿಮೆ, ಆದ್ದರಿಂದ ಡೆಫರ್ಡ್ ಟ್ಯಾಕ್ಸ್ ಅಸೆಟ್." ಶಿರಸಿ, ಕಾರವಾರದ ಕಡೆಯ ವಿದ್ಯಾರ್ಥಿಗಳು ತಿದ್ದಲು ಕೊಡುವ ಲೆಕ್ಕಗಳಲ್ಲಿ ಈ ಸಾಲನ್ನು ನೋಡಿ ನೋಡಿ ಸಾಕಾಗಿದೆ. ಜರ್ನಲ್ ಎಂಟ್ರಿಯ ಮೊತ್ತ ಸರಿಯೇ ಇರುತ್ತದೆ, ಹೆಸರು ಮಾತ್ರ ತಪ್ಪು. ಹೆಸರು ತಪ್ಪಿದ್ದರಿಂದ ಬ್ಯಾಲೆನ್ಸ್ ಶೀಟಿನಲ್ಲಿ ಒಂದೇ ಯಂತ್ರಕ್ಕೆ ಆ ಕಡೆ ಲಯಬಿಲಿಟಿ, ಈ ಕಡೆ ಅಸೆಟ್ ಎರಡೂ ಬಂದು ಕೂತಿರುತ್ತವೆ.

ಕಾರವಾರದ ಬೈತಖೋಲ ಬಂದರಿನ ಹತ್ತಿರ ಐಸ್ ಪ್ಲಾಂಟ್ ನಡೆಸುವ ಒಂದು ಕಂಪನಿ ಇದೆ ಅಂದುಕೊಳ್ಳಿ. ಏಪ್ರಿಲ್ 1ರಂದು 15,00,000 ರೂಪಾಯಿಯ ಯಂತ್ರ ಕೊಂಡು ಅಂದೇ ಚಾಲೂ ಮಾಡಿದೆ. ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಂತೆ ಆಯುಷ್ಯ 15 ವರ್ಷ, ಉಳಿಕೆ ಬೆಲೆ ಶೇ. 5. ಸ್ಟ್ರೇಟ್ ಲೈನ್ ಪ್ರಕಾರ ವರ್ಷಕ್ಕೆ 95,000 ಸವಕಳಿ. (ಜೂನ್, ಜುಲೈನಲ್ಲಿ ಟ್ರಾಲರ್‌ಗಳು ಕಡಲಿಗಿಳಿಯದೆ ಪ್ಲಾಂಟ್ ನಿಂತರೂ ಈ ಸವಕಳಿ ನಿಲ್ಲುವುದಿಲ್ಲ.) ಆದಾಯ ತೆರಿಗೆಯಲ್ಲಿ ಇಳಿಕೆ ಬೆಲೆಯ ಮೇಲೆ ಶೇ. 15. ಕಂಪನಿ ರಿಯಾಯಿತಿ ದರ ಆರಿಸಿಕೊಂಡಿದ್ದರಿಂದ ಸರ್‌ಚಾರ್ಜ್, ಸೆಸ್ ಸೇರಿ ತೆರಿಗೆ ಶೇ. 25.168.

ಮೊದಲ ವರ್ಷ ತೆರಿಗೆಯ ಸವಕಳಿ 2,25,000, ಪುಸ್ತಕದ್ದು 95,000. ವ್ಯತ್ಯಾಸ 1,30,000, ಅದರ ಮೇಲಿನ ಲಯಬಿಲಿಟಿ 32,718. ಇಲ್ಲಿ ವರ್ಷದ ವ್ಯತ್ಯಾಸವೂ ವರ್ಷಾಂತ್ಯದ ಬಾಕಿಯೂ ಒಂದೇ ಅಂಕಿ. ಗೊಂದಲದ ಬೇರು ಇರುವುದು ಇಲ್ಲೇ. ಮೊದಲ ವರ್ಷದ ಉದಾಹರಣೆಯಲ್ಲೇ ಪಾಠ ಮುಗಿದರೆ, ಆ ವರ್ಷದ ಸವಕಳಿಗಳ ಅಂತರವೇ ಡೆಫರ್ಡ್ ಟ್ಯಾಕ್ಸ್ ಎಂದು ವಿದ್ಯಾರ್ಥಿ ನಂಬಿಬಿಡುತ್ತಾನೆ.

ಆರನೇ ವರ್ಷದ ಕೊನೆಗೆ ಬನ್ನಿ. ಪುಸ್ತಕದಲ್ಲಿ ಯಂತ್ರದ ಬೆಲೆ 9,30,000. ತೆರಿಗೆ ಲೆಕ್ಕದಲ್ಲಿ 5,65,724. ಅಂತರ 3,64,276, ಲಯಬಿಲಿಟಿ 91,681. ಏಳನೇ ವರ್ಷ ತೆರಿಗೆಯ ಸವಕಳಿ 84,859ಕ್ಕೆ ಇಳಿಯುತ್ತದೆ, ಪುಸ್ತಕದ 95,000ಕ್ಕಿಂತ 10,141 ಕಡಿಮೆ. "ಅಸೆಟ್" ಎಂದು ಬರೆಯುವುದು ಈ ವರ್ಷ. ಆದರೆ ವರ್ಷದ ಕೊನೆಗೆ ಪುಸ್ತಕದ ಬೆಲೆ 8,35,000, ತೆರಿಗೆಯ ಬೆಲೆ 4,80,865. ಪುಸ್ತಕದ ಬೆಲೆ ಈಗಲೂ 3,54,135 ಹೆಚ್ಚು. ಅಂದರೆ ಮುಂದಿನ ವರ್ಷಗಳಲ್ಲಿ ತೆರಿಗೆಗೆ ಸಿಗುವ ಕಡಿತ ಅಷ್ಟು ಕಡಿಮೆ, ಕಟ್ಟಬೇಕಾದ ತೆರಿಗೆ ಅಷ್ಟು ಹೆಚ್ಚು. ಲಯಬಿಲಿಟಿ 89,129 ಇದ್ದೇ ಇದೆ. ಈ ವರ್ಷ ಆದದ್ದು ಅದರಲ್ಲಿ 2,552 ಕರಗಿದ್ದು, ಅಷ್ಟೇ: ಲಯಬಿಲಿಟಿ ಖಾತೆಗೆ ಡೆಬಿಟ್, ಲಾಭ ನಷ್ಟ ಖಾತೆಗೆ ಕ್ರೆಡಿಟ್.

ವರ್ಷದ ವ್ಯತ್ಯಾಸ ಲಾಭ ನಷ್ಟ ಖಾತೆಗೆ ಹೋಗುವ ಚಲನೆ. ಅಸೆಟ್ಟೋ ಲಯಬಿಲಿಟಿಯೋ ಎಂದು ತೀರ್ಮಾನಿಸುವುದು ವರ್ಷಾಂತ್ಯದ ಎರಡು ಬೆಲೆಗಳು. ಎಎಸ್ 22 ಟೈಮಿಂಗ್ ಡಿಫರೆನ್ಸ್ ಎನ್ನಲಿ, ಇಂಡ್ ಎಎಸ್ 12 ಟೆಂಪರರಿ ಡಿಫರೆನ್ಸ್ ಎನ್ನಲಿ, ಸವಕಳಿಯ ಈ ಲೆಕ್ಕದಲ್ಲಿ ಉತ್ತರ ಒಂದೇ. ತೆರಿಗೆ ದರ ಬದಲಾದ ವರ್ಷವಂತೂ ಬರೀ ಚಲನೆಯನ್ನು ಗುಣಿಸುವವರ ಲೆಕ್ಕ ಕೈಕೊಡುತ್ತದೆ, ಏಕೆಂದರೆ ಹಿಂದಿನ ಇಡೀ ಬಾಕಿಯನ್ನೂ ಹೊಸ ದರದಲ್ಲಿ ಅಳೆಯಬೇಕು.

ಹಾಗಾದರೆ ಈ ಯಂತ್ರದಿಂದ ಅಸೆಟ್ ಹುಟ್ಟುವುದೇ ಇಲ್ಲವೇ? ಹುಟ್ಟುತ್ತದೆ, ಆದರೆ ಹದಿನೈದನೇ ವರ್ಷದಲ್ಲಿ. ಹದಿನಾಲ್ಕರ ಕೊನೆಗೆ ಪುಸ್ತಕದ ಬೆಲೆ 1,70,000, ತೆರಿಗೆಯದು ಸುಮಾರು 1,54,155, ಇನ್ನೂ ಲಯಬಿಲಿಟಿಯೇ. ಹದಿನೈದರ ಕೊನೆಗೆ ಪುಸ್ತಕದಲ್ಲಿ 75,000, ತೆರಿಗೆಯಲ್ಲಿ ಸುಮಾರು 1,31,031. ಈಗ ತೆರಿಗೆಯ ಬೆಲೆಯೇ 56,031 ಹೆಚ್ಚು, ಶೇ. 25.168ರಂತೆ ಸುಮಾರು 14,102 ಅಸೆಟ್. ಮುಂದೆ ಆ ಕಡಿತವನ್ನು ಬಳಸಿಕೊಳ್ಳುವಷ್ಟು ಲಾಭ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಬೇಕಾದದ್ದು ಆಗ, ಏಳನೇ ವರ್ಷದಲ್ಲಲ್ಲ.

ಆ ಯಂತ್ರವನ್ನು 75,000ಕ್ಕೆ ಮಾರಿದರೆ ಅಸೆಟ್ ಅಂದೇ ಮುಗಿಯಿತು ಎಂದು ಕೆಲವರು ಖಾತೆ ಮುಚ್ಚುತ್ತಾರೆ. ತೆರಿಗೆಗೆ ಯಂತ್ರ ಬೇರೆ ಬೇರೆಯಾಗಿ ಕಾಣುವುದಿಲ್ಲ, ಕಾಣುವುದು ಬ್ಲಾಕ್. ಶೇ. 15ರ ಬ್ಲಾಕಿನಲ್ಲಿ ಬೇರೆ ಯಂತ್ರಗಳಿದ್ದರೆ ಮಾರಿದ ಹಣ ಬ್ಲಾಕಿನಿಂದ ಕಳೆಯುತ್ತದೆ, ಉಳಿದ 56,031 ಅಲ್ಲೇ ಇದ್ದು ವರ್ಷವರ್ಷ ಸವಕಳಿ ಕೊಡುತ್ತಲೇ ಇರುತ್ತದೆ. ಹಾಗಾಗಿ ಹೋಲಿಸಬೇಕಾದದ್ದು ಒಂದು ಯಂತ್ರದ ಬೆಲೆಯನ್ನಲ್ಲ. ಬ್ಲಾಕಿಗೆ ಸೇರಿದ ಎಲ್ಲ ಯಂತ್ರಗಳ ಪುಸ್ತಕದ ಬೆಲೆಯ ಮೊತ್ತವನ್ನು ಬ್ಲಾಕಿನ ಇಳಿಕೆ ಬೆಲೆಯ ಜೊತೆ.